ತೊಡೆ ಮೇಲಿನ ನೀಲಿ ಕಲೆ, ದೂರ ಹೋಗುವ ಬಾರ್

ಗುರುತು ಸಿಗಬಾರದು ಅಂತ ಒಂದಿಷ್ಟು ವಿವರ ಬದಲಿಸಿದ್ದೇನೆ. ಅಮ್ಮ, ಮಗಳು ಇಬ್ಬರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ.

ಹುಡುಗಿಗೆ 19 ವರ್ಷ. ಮನೆ ಮುಂಬೈಯ ಮುಲುಂಡ್ ಕಡೆ. ಊರು ಉಡುಪಿ ಹತ್ತಿರ, ಅಪ್ಪ ಕ್ಯಾಂಟೀನ್ ನಡೆಸುತ್ತಾರೆ. ಅವಳು ಕಾಲೇಜು ವಾಲಿಬಾಲ್ ತಂಡದಲ್ಲಿ ನೆಟ್ ಪಕ್ಕ ಬ್ಲಾಕ್ ಮಾಡುವವಳು. ಅಮ್ಮ ಅವಳನ್ನು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತಂದದ್ದು ಆಟದ ವಿಷಯಕ್ಕಲ್ಲ. ಮಗಳ ಎರಡೂ ತೊಡೆ ಮೇಲೆ ಅಡ್ಡಡ್ಡ ನೀಲಿ ಕಲೆ, ಕಾಲರ್ ಬೋನ್ ಹತ್ತಿರ ಇನ್ನೊಂದು. ಕೇಳಿದರೆ "ಏನಿಲ್ಲ ಬಿಡಮ್ಮ" ಅಂತಾಳೆ. ಸೋಮವಾರ ಬಂತೆಂದರೆ ಹೊಟ್ಟೆನೋವು. ಯಾರಾದರೂ ಹೊಡೀತಿದ್ದಾರಾ ಅಂತ ಅಮ್ಮನಿಗೆ ಭಯ.

ಇಂಥ ಭಯವನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ. ಅಮ್ಮನನ್ನು ಹೊರಗೆ ಕೂರಿಸಿ ಹುಡುಗಿಯ ಜೊತೆ ಒಬ್ಬಳೇ ಮಾತಾಡಿದೆ. ಯಾರೂ ಹೊಡೆದಿರಲಿಲ್ಲ. ಹೊಡೆಯುತ್ತಿದ್ದದ್ದು ಜಿಮ್‌ನಲ್ಲಿ ಭಾರ ಎತ್ತುವ ಕಬ್ಬಿಣದ ಬಾರ್. ಸೋಮವಾರ ಅಲ್ಲಿ ಪವರ್ ಕ್ಲೀನ್ ಇರುತ್ತಿತ್ತು, ಅಂದರೆ ನೆಲದ ಮೇಲಿನ ಬಾರ್ ಅನ್ನು ಒಂದೇ ಎಳೆತಕ್ಕೆ ಮೇಲೆತ್ತಿ ಭುಜದ ಮೇಲೆ ಹಿಡಿಯೋದು. 40 ಕೆ.ಜಿ.ಯಲ್ಲಿ ನಿಂತುಹೋಗಿದ್ದಳು. ಒಮ್ಮೆ ಬಾರ್ ಮಂಡಿಚಿಪ್ಪಿಗೆ ತಗುಲಿತ್ತು, ಆಮೇಲೆ ಹತ್ತಿರ ಹೋದರೇ ಕೈ ಬೆವರುತ್ತದೆ ಅಂದಳು. ತಂಡದವರಿಗೆ ಗೊತ್ತಾದರೆ ನಗುತ್ತಾರೆ ಅಂತ ಮನೆಯಲ್ಲೂ ಹೇಳಿರಲಿಲ್ಲ.

ನಾನು ಕ್ರೀಡಾಪಟುಗಳಿಗೆ ಆಪ್ತಸಲಹೆ ಕೊಡುವವಳು. ಅದಕ್ಕೂ ಮೊದಲು ವರ್ಷಗಟ್ಟಲೆ ಬಾರ್ ಎತ್ತಿದವಳು. ಹಾಗಾಗಿ ಆ ಕಲೆಗಳು ಎಲ್ಲಿವೆ ಅನ್ನೋದೇ ನನಗೆ ಅರ್ಧ ಕಥೆ ಹೇಳಿತು. ಪವರ್ ಕ್ಲೀನ್ ಸರಿಯಾಗಿ ಆದರೆ ಬಾರ್ ತೊಡೆಯ ಮೇಲ್ಭಾಗವನ್ನು ಸವರಿಕೊಂಡು ಹೋಗುತ್ತದೆ. ಇವಳ ಕಲೆ ಇದ್ದದ್ದು ತೊಡೆಯ ಮಧ್ಯದಲ್ಲಿ. ಅಂದರೆ ಬಾರ್ ಇನ್ನೂ ಕೆಳಗಿರುವಾಗಲೇ ಇವಳು ನೆಗೆದುಬಿಡುತ್ತಾಳೆ. ಕಾಲರ್ ಬೋನ್ ಮೇಲಿನ ಕಲೆ ಅಂದರೆ, ಬಾರ್ ಮುಂದಕ್ಕೆ ಹೋಗಿ ಸುತ್ತು ಹಾಕಿ ಮೇಲಿಂದ ಬಂದು ಬಡಿದಿದೆ.

"ವೀಡಿಯೋ ಇದೆಯಾ?" ಅಂದೆ. ಪಕ್ಕದಿಂದ ತೆಗೆದದ್ದೊಂದಿತ್ತು. ಮುಂದಿನಿಂದ ತೆಗೆದ ವೀಡಿಯೋದಲ್ಲಿ ಬಾರ್ ದೂರ ಹೋಗೋದು ಕಾಣೋದೇ ಇಲ್ಲ, ಪಕ್ಕದ್ದೇ ಬೇಕು. ನಿಧಾನವಾಗಿ ಓಡಿಸಿದೆವು. ಬಾರ್ ತೊಡೆಯ ನಡುವೆ ಇದೆ, ಆಗಲೇ ಹಿಮ್ಮಡಿ ನೆಲ ಬಿಟ್ಟಿದೆ. ಸೊಂಟ ಇನ್ನೂ ಹಿಂದೆ, ಮಡಚಿಕೊಂಡೇ ಇದೆ. ಮೊಣಕೈ ಬಾಗಿದೆ. ಹೊಟ್ಟೆಗೂ ಬಾರ್‌ಗೂ ಮಧ್ಯೆ ಒಂದು ಗೇಣು ಜಾಗ. ಕೊನೆಗೆ ಅವಳು ಬಾರ್ ಹಿಡಿಯೋಕೆ ಒಂದು ಹೆಜ್ಜೆ ಮುಂದಕ್ಕೆ ಹಾರುತ್ತಾಳೆ. ಹಿನ್ನೆಲೆಯಲ್ಲಿ ಕೋಚ್ ದನಿ: "ಟಾಚಾ ವರ್! ಟಾಚಾ ವರ್!" ಹಿಮ್ಮಡಿ ಮೇಲೆತ್ತು ಅಂತ.

ಕೋಚ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಳೆತದ ಕೊನೆಗೆ ಟ್ರಿಪಲ್ ಎಕ್ಸ್‌ಟೆನ್ಷನ್ ಆಗಬೇಕು, ಹಿಮ್ಮಡಿ ಏಳೋದು ಅದರಲ್ಲೇ. ಟ್ರಿಪಲ್ ಎಕ್ಸ್‌ಟೆನ್ಷನ್ ಅಂದರೆ ಸೊಂಟದ ಕೀಲು, ಮಂಡಿ, ಪಾದದ ಕೀಲು ಮೂರೂ ಜೋರಾಗಿ ನೆಟ್ಟಗಾಗೋದು. ಹುಡುಗಿಯ ಫೋನ್ ಪರದೆ ಮೇಲೆ ಮೀರಾಬಾಯಿ ಚಾನು ಇದ್ದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟಿಂಗ್‌ನ 49 ಕೆ.ಜಿ. ವಿಭಾಗದಲ್ಲಿ, ಕ್ಲೀನ್ ಅಂಡ್ ಜರ್ಕ್‌ನ 115 ಕೆ.ಜಿ. ಸೇರಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದವರು. ಲಿಫ್ಟರ್‌ಗಳ ಫೋಟೋ ನೋಡಿದರೆ ಬೆರಳ ತುದಿಯಲ್ಲಿ ನಿಂತ ಹಾಗೇ ಇರುತ್ತದೆ, ಅಲ್ವಾ? ಆದರೆ ಅದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುವ ಎಳೆತದ ತೀರಾ ಕೊನೆಯ ಕ್ಷಣ. ಫೋಟೋ ನೋಡಿ ಕಲಿತವರು ಆ ಕೊನೆಯನ್ನೇ ಮೊದಲಿಗೆ ತಂದುಬಿಡುತ್ತಾರೆ.

ಅವಳಿಗೆ ನಾನು ಕ್ರಮ ಹೇಳಿದೆ. ನೆಲದಿಂದ ಮಂಡಿವರೆಗೆ ಕಾಲಿಂದ ನೆಲವನ್ನು ಒತ್ತೋದು ಅಷ್ಟೇ. ಬೆನ್ನಿನ ಓರೆ ಬದಲಾಗಬಾರದು, ಭುಜ ಬಾರ್‌ಗಿಂತ ತುಸು ಮುಂದೆ. ಮಂಡಿ ಹಿಂದೆ ಸರಿದು ಬಾರ್‌ಗೆ ದಾರಿ ಬಿಡಬೇಕು. ಬಾರ್ ಮಂಡಿ ದಾಟಿದ ಮೇಲೆ ಎದೆ ಏಳುತ್ತದೆ, ಮಂಡಿ ಮತ್ತೆ ಸ್ವಲ್ಪ ಬಾಗಿ ಬಾರ್‌ನ ಕೆಳಗೆ ಬರುತ್ತದೆ. ಈಗಲೂ ಪೂರ್ತಿ ಪಾದ ನೆಲದ ಮೇಲೇ. ಬಾರ್ ತೊಡೆಯ ಮೇಲ್ಭಾಗಕ್ಕೆ ಬಂದಾಗ ಮಾತ್ರ ನೆಗೆತ. ಸೊಂಟ, ಮಂಡಿ ಹೆಚ್ಚುಕಮ್ಮಿ ಒಟ್ಟಿಗೆ ನೆಟ್ಟಗಾಗುತ್ತವೆ, ಪಾದದ ಕೀಲು ಕೊನೆಗೆ. ನೆಲವನ್ನು ಜೋರಾಗಿ ಒತ್ತಿದ್ದಕ್ಕೆ ಹಿಮ್ಮಡಿ ತಾನಾಗೇ ಏಳುತ್ತದೆ, ನಾವು ಬೇಕಂತ ಎತ್ತೋದಲ್ಲ. ಬೇಗ ಎತ್ತಿದರೆ ಮೈಭಾರ ಬೆರಳಿನ ಕಡೆ ಹೋಗುತ್ತದೆ, ಜೊತೆಗೆ ಬಾರ್ ಕೂಡ. ಆಗ ಸೊಂಟದ ದೊಡ್ಡ ಸ್ನಾಯುಗಳು ಕೆಲಸ ಮುಗಿಸೋ ಮುಂಚೆಯೇ ಎಳೆತ ಮುಗಿದುಹೋಗುತ್ತದೆ. ಉಳಿದದ್ದನ್ನು ಪಾಪ, ಕೈ ಎಳೀಬೇಕು. ಮೊಣಕೈ ಮೊದಲೇ ಬಾಗಿದ್ದರೆ ಕಾಲಿನ ಬಲದ ಒಂದು ಪಾಲು ಅದನ್ನು ಬಿಚ್ಚೋದಕ್ಕೇ ಹೋಗುತ್ತದೆ, ಬಾರ್‌ವರೆಗೆ ತಲುಪೋದಿಲ್ಲ. ಅವಳ 40 ಕೆ.ಜಿ. ಅಲ್ಲೇ ನಿಂತದ್ದು ಇದಕ್ಕೇ.

"ಮೇಡಂ, ಹತ್ತಿರ ಇಟ್ಟರೆ ಮತ್ತೆ ಮಂಡಿಗೆ ಹೊಡೆಯಲ್ವಾ?"

ಪ್ರಕರಣದ ಗಂಟು ಇದ್ದದ್ದು ಈ ಪ್ರಶ್ನೆಯಲ್ಲಿ. ಒಮ್ಮೆ ತಗುಲಿದ್ದಕ್ಕೆ ಅವಳು ಬಾರ್ ಅನ್ನು ಮೈಯಿಂದ ದೂರ ತಳ್ಳಲು ಶುರು ಮಾಡಿದ್ದಳು. ದೂರ ಹೋದ ಬಾರ್ ಗಾಳಿಯಲ್ಲಿ ಸುತ್ತಿಕೊಂಡು ವೇಗ ತಗೊಂಡು ಕಾಲರ್ ಬೋನ್‌ಗೆ ಬಡಿಯುತ್ತದೆ. ನೋವಾದಷ್ಟೂ ಭಯ, ಭಯವಾದಷ್ಟೂ ದೂರ. ಬಾರ್ ಚರ್ಮಕ್ಕೆ ತಾಗಿಕೊಂಡೇ ಇದ್ದರೆ ಹೊಡೆಯೋಕೆ ಬೇಕಾದ ಜಾಗವೇ ಅದಕ್ಕೆ ಸಿಗೋದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆ ಒಪ್ಪುತ್ತದೆ, ಮೈ ಒಪ್ಪಲ್ಲ.

ನಡುವೆ ಅಪ್ಪನೂ ಬಂದಿದ್ದರು. ಮಗಳಿಗೆ ಕೆಳಬೆನ್ನು ಹಿಡಿದುಕೊಳ್ಳುತ್ತಿತ್ತು, ಅದಕ್ಕೆ "ಭಾರ ಜಾಸ್ತಿ ಆಯ್ತು, ಬಿಡಿಸಿ" ಅಂದರು. ಭಾರ ಮಾತ್ರ ಲೆಕ್ಕಕ್ಕೆ ಬರಲ್ಲ, ದೂರವೂ ಬರುತ್ತದೆ. ಸೊಂಟದ ಕೀಲಿನಿಂದ 20 ಸೆಂ.ಮೀ. ಮುಂದಿರುವ 40 ಕೆ.ಜಿ. ಬಾರ್ 30 ಸೆಂ.ಮೀ.ಗೆ ಹೋದರೆ, ಸುಮ್ನೆ ಹಿಡಿದು ನಿಂತರೂ ಬೆನ್ನಿಗೆ ಅದು 20 ಸೆಂ.ಮೀ.ನಲ್ಲಿ 60 ಕೆ.ಜಿ. ಹಿಡಿದಷ್ಟೇ ಭಾರ. ಜೋರಾಗಿ ಎಳೆಯುವಾಗ ಇನ್ನೂ ಹೆಚ್ಚು. ಅಪ್ಪ ತಕ್ಷಣ ಹಿಡಿದುಕೊಂಡರು: "ಅಕ್ಕಿ ಮೂಟೆ ಹೊಟ್ಟೆಗೊತ್ತಿ ಹಿಡಿದ್ರೆ ನಡೆಯಬಹುದು, ಕೈ ಚಾಚಿ ಹಿಡಿದ್ರೆ ಸೊಂಟ ಹೋಯ್ತು." ಹೌದು, ಅಷ್ಟೇ. ಆದರೂ ಬೆನ್ನಿನ ವಿಷಯದಲ್ಲಿ ನನ್ನ ಮಾತೇ ಕೊನೆಯಲ್ಲ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ನೋವು ಕಾಲಿಗಿಳಿಯೋದು, ಜೋಮು ಹಿಡಿಯೋದು ಇರಲಿಲ್ಲ. ಅವು ಇದ್ದಿದ್ದರೆ ಬಾರ್ ವಿಷಯವನ್ನೇ ಪಕ್ಕಕ್ಕಿಡುತ್ತಿದ್ದೆ.

ನಾನು ಕೊಟ್ಟ ಸಲಹೆ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವಂಥದ್ದು. ಪ್ರತಿ ಮೆಟ್ಟಿಲಲ್ಲೂ ಭಯಕ್ಕೆ 10ರಲ್ಲಿ ಎಷ್ಟು ಅಂತ ಅವಳೇ ಅಂಕ ಹಾಕಬೇಕು. 3ಕ್ಕೆ ಇಳಿಯೋವರೆಗೆ ಮುಂದಿನದಕ್ಕೆ ಹೋಗಬಾರದು.

ಮೊದಲು ನೆಗೆತವೇ ಇಲ್ಲ. ಖಾಲಿ ಬಾರ್‌ಗೆ ಚಾಕ್ ಸವರಿ, ಕಪ್ಪು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಮಂಡಿ ಮೇಲಿಂದ ಸೊಂಟದವರೆಗೆ ನಿಧಾನಕ್ಕೆ ಜಾರಿಸೋದು. ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಾರ್ ದೂರ ಹೋಗಿದೆ. ಅವಳದ್ದು ಮಂಡಿಗಿಂತ ನಾಲ್ಕು ಬೆರಳು ಮೇಲೆ ತುಂಡಾಗುತ್ತಿತ್ತು, ಪ್ರತಿ ಸಲ ಅಲ್ಲೇ.

ಆಮೇಲೆ ಟವೆಲ್. ಜಿಮ್‌ಗೆ ನಾನೂ ಹೋಗಿದ್ದೆ. ಅವಳು ಬಾರ್ ಹಿಡಿದು ಮುಂದಕ್ಕೆ ಬಾಗಿ ನಿಂತಳು. ನಾನು ಎದುರಿಗೆ ನಿಂತು ಬಾರ್‌ಗೆ ಟವೆಲ್ ಹಾಕಿ ಮೆಲ್ಲಗೆ ನನ್ನ ಕಡೆ ಎಳೆದೆ. ಅವಳು ಬಿಡದೆ ತೊಡೆಗೆ ಒತ್ತಿ ಹಿಡೀಬೇಕು. ಕಂಕುಳ ಕೆಳಗೆ, ಬೆನ್ನಿನ ಪಕ್ಕದ ಸ್ನಾಯು ಬಿಗಿಯಾಗೋದು ಆಗ ಅವಳಿಗೆ ಗೊತ್ತಾಯಿತು. "ಓ, ಇದಾ?" ಅಂದಳು. ಬಾರ್ ಹತ್ತಿರ ಇಡೋದು ಆ ಸ್ನಾಯು. ಮೊಣಕೈಗೆ ಅಲ್ಲಿ ಕೆಲಸವಿಲ್ಲ.

ಮೂರನೆಯದಾಗಿ ತೊಡೆಯ ಮೇಲ್ಭಾಗದಿಂದಲೇ ಶುರು ಮಾಡುವ ಕ್ಲೀನ್. ಮಂಡಿ ಸ್ವಲ್ಪ ಬಾಗಿ, ಎದೆ ನೆಟ್ಟಗೆ, ಪೂರ್ತಿ ಪಾದ ನೆಲದ ಮೇಲೆ. ಒಂದು ಕ್ಷಣ ನಿಂತು ಆಮೇಲೆ ನೆಗೆತ. ಮಂಡಿಯ ದಾರಿಯೇ ಇಲ್ಲದ್ದರಿಂದ ಭಯದ ಅಂಕ ಬೇಗ ಇಳಿಯಿತು. ಅದು ಸರಿಹೋದ ಮೇಲೆ ಮಂಡಿಯ ಮೇಲಿಂದ, ಕೊನೆಗೆ ನೆಲದಿಂದ. ಸರಿಯಾಯ್ತಾ ಅಂತ ತಿಳಿಯೋಕೆ ಒಂದೇ ಪರೀಕ್ಷೆ: ಪಾದದ ಮುಂದೆ ನೆಲಕ್ಕೆ ಟೇಪ್ ಅಂಟಿಸಿ, ಬಾರ್ ಅನ್ನು ಭುಜದ ಮೇಲೆ ಹಿಡಿದಾಗ ಪಾದ ಅದನ್ನು ದಾಟಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ.

ಮಧ್ಯೆ ಒಂದು ತೊಡಕು ಬಂತು. ಭಯ ಹೋದ ಖುಷಿಯಲ್ಲಿ ಸೊಂಟವನ್ನು ಬಾರ್‌ಗೆ ಧಡ್ ಅಂತ ಗುದ್ದತೊಡಗಿದಳು. ಬಾರ್ ಪುಟಿದು ಮತ್ತೆ ಮುಂದಕ್ಕೆ! ಹೊರಗಿನಿಂದ ನೋಡಿದರೆ ಹಳೇ ತಪ್ಪೇ, ಆದರೆ ಕಾರಣ ಬೇರೆ. ಸೊಂಟ ಮುಂದಕ್ಕೆ ಗುದ್ದೋದಲ್ಲ, ಮೇಲಕ್ಕೆ ನಿಲ್ಲೋದು. ಬಾರ್ ಸೊಂಟದ ಹತ್ತಿರ ಬರಬೇಕೇ ಹೊರತು ಸೊಂಟ ಬಾರ್ ಹತ್ತಿರ ಹೋಗಬಾರದು. ಇದಕ್ಕೆ ಹಿಂದಿನ ಮೆಟ್ಟಿಲಿಗೇ ವಾಪಸ್ ಬಂದು ಆ ಒಂದು ಕ್ಷಣದ ನಿಲುಗಡೆಯನ್ನು ಉದ್ದ ಮಾಡಿದೆವು.

ಜಿಮ್‌ನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸರಿಯಾದ ದೊಡ್ಡ ಪ್ಲೇಟ್ 45 ಸೆಂ.ಮೀ. ಅಗಲ, ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಇವಳು 20 ಕೆ.ಜಿ. ಬಾರ್‌ಗೆ ಒಂದೊಂದು ಕಡೆ 10 ಕೆ.ಜಿ.ಯ ಸಣ್ಣ ಕಬ್ಬಿಣದ ಪ್ಲೇಟ್ ಹಾಕಿ ಎತ್ತುತ್ತಿದ್ದಳು. ಬಾರ್ ತೀರಾ ಕೆಳಗೆ, ಬಗ್ಗುವಾಗಲೇ ಮಂಡಿ ಮುಂದಕ್ಕೆ, ಭಾರ ಬೆರಳ ಮೇಲೆ. ಎತ್ತುವ ಮೊದಲೇ ಅರ್ಧ ತಪ್ಪು ನಡೆದುಹೋಗಿತ್ತು. ಎರಡೂ ಕಡೆ ದಪ್ಪ ಪ್ಲೇಟ್‌ಗಳನ್ನು ಮಲಗಿಸಿ ಅದರ ಮೇಲಿಟ್ಟು ಶುರು ಮಾಡಲು ಹೇಳಿದೆ. ಹೆಂಗಸರ ಸ್ಪರ್ಧೆಯ ಬಾರ್ 15 ಕೆ.ಜಿ., ಹಿಡಿ ತೆಳು. ಅದು ಆ ಜಿಮ್‌ನಲ್ಲಿ ಇರಲೇ ಇಲ್ಲ, ಹೆಚ್ಚಿನ ಕಡೆ ಇರಲ್ಲ ಬಿಡಿ.

ಕೋಚ್ ಮೊದಲು ಮುಖ ಸಿಂಡರಿಸಿದರು. ವೀಡಿಯೋದಲ್ಲಿ ಹಿಮ್ಮಡಿ ಏಳುವ ಹೊತ್ತು, ಬಾರ್ ಇರುವ ಜಾಗ ಎರಡನ್ನೂ ನಿಲ್ಲಿಸಿ ತೋರಿಸಿದ ಮೇಲೆ ಸುಮ್ಮನಾದರು. ಈಗ ಅವರು ಕೂಗೋದು "ಥಾಂಬ್... ಆತಾ!" ತಡಿ, ಈಗ ಅಂತ.

ಈಚೆಗೆ ನೋಡಿದಾಗ ತೊಡೆಯ ಮೇಲಿಂದ ಶುರು ಮಾಡಿ 40 ಕೆ.ಜಿ. ಆರಾಮಾಗಿ ಎತ್ತುತ್ತಿದ್ದಳು. ನೆಲದಿಂದ ಎತ್ತುವಾಗ ಮಂಡಿ ಹತ್ತಿರ ಇನ್ನೂ ಅಂಜುತ್ತಾಳೆ, ಅಲ್ಲಿ ಅಂಕ 5. ಪಂದ್ಯಗಳ ವಾರ ಹತ್ತಿರವಿತ್ತು. ಅವಳಿಗೆ ಬೇಕಾದದ್ದು ನೆಗೆತದ ಬಲ, ಲಿಫ್ಟಿಂಗ್ ಪದಕ ಅಲ್ಲ. ಹಾಗಾಗಿ ಆ ವಾರ ಬಾರ್ ಅನ್ನು ಭುಜಕ್ಕೆ ಹಿಡಿಯೋದೇ ಬೇಡ, ತೊಡೆಯ ಮೇಲಿಂದ ಎಳೆದು ಭುಜ ಮೇಲೆತ್ತಿ ಬಿಟ್ಟುಬಿಡು ಅಂದೆ. ಮೂರು ಕೀಲೂ ಅದರಲ್ಲೂ ಪೂರ್ತಿ ಬಿಚ್ಚಿಕೊಳ್ಳುತ್ತವೆ. ನೆಲದಿಂದ ಎತ್ತೋದನ್ನು ಪಂದ್ಯ ಮುಗಿದ ಮೇಲೆ, ಮತ್ತೆ ಖಾಲಿ ಬಾರ್‌ನಿಂದ ಶುರು ಮಾಡುತ್ತೇವೆ.