ಜ್ಯೂರಿಯ ಹಿಂದಿನ ರಾತ್ರಿ: ಒಂದು ಆಪ್ತಸಲಹೆ ಪ್ರಕರಣ

ಸಹನಾ ಅನ್ನುವುದು ನಿಜವಾದ ಹೆಸರಲ್ಲ. ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಅವಳು ಆರ್ಕಿಟೆಕ್ಚರ್ ಎರಡನೇ ವರ್ಷದ ವಿದ್ಯಾರ್ಥಿನಿ. ತನ್ನ ವಿನ್ಯಾಸವನ್ನು ಪರೀಕ್ಷಕರ ಎದುರು ವಿವರಿಸಬೇಕಾದ ಡಿಸೈನ್ ಜ್ಯೂರಿಯಲ್ಲಿ ಮಾತು ಬಾರದೆ ನಿಂತು, ಅತ್ತು, ಹೊರಗೆ ಬಂದಿದ್ದಳು. ಅದಾದ ಮೇಲೆ ಸ್ಟುಡಿಯೋಗೆ ಹೋಗಲು ಮನಸ್ಸಾಗದೆ ನನ್ನ ಹತ್ತಿರ ಬಂದಳು.

"ಇಡೀ ರಾತ್ರಿ ಕೆಲಸ ಮಾಡಿದ್ದೆ ಮೇಡಂ. ಆದ್ರೂ ಹೀಗಾಯ್ತು" ಅಂದಳು.

ಊಟ, ನಿದ್ದೆ ಹೇಗಿದೆ, ಬದುಕೇ ಬೇಡ ಅನ್ನಿಸುತ್ತಿದೆಯಾ ಎಂದು ಮೊದಲು ನೇರವಾಗಿಯೇ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಆಮೇಲೆ ಆ ರಾತ್ರಿಯನ್ನು ಗಂಟೆಗಂಟೆಯಾಗಿ ಹೇಳು ಅಂದೆ. ಇಂಥ ಪ್ರಕರಣಗಳಲ್ಲಿ ಆ ಹೊತ್ತಿನ ಭಾವನೆಗಿಂತ ಮೊದಲು ಕೈ ಏನು ಮಾಡುತ್ತಿತ್ತು ಅಂತ ಕೇಳುತ್ತೇನೆ. ವಿಷಯ ಅಲ್ಲಿಂದಲೇ ಹೊರಬೀಳುತ್ತದೆ.

ಧಾರವಾಡದಲ್ಲಿ ಎರಡು ಮಹಡಿಯ ಒಂದು ಸಾರ್ವಜನಿಕ ಗ್ರಂಥಾಲಯ, ಅದು ಅವಳ ಪ್ರಾಜೆಕ್ಟ್. ರಾತ್ರಿ ಒಂಬತ್ತಕ್ಕೆ ಮುಂಭಾಗದ ರೆಂಡರ್, ಅಂದರೆ ಕಟ್ಟಡ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಮಾಡುವ ಚಿತ್ರ, ತಯಾರಾಗಿತ್ತು. ಸಾಲು ಕಿಟಕಿ, ತೂತು ತೂತಿನ ಜಾಲಿ ಗೋಡೆ, ಎದುರಿಗೊಂದು ದೊಡ್ಡ ಮಳೆಮರ. ಹುಲ್ಲಿನ ಹಸಿರು ಜಾಸ್ತಿ ಆಯ್ತು ಅನ್ನಿಸಿ ಬದಲಿಸಿದಳು. ಹನ್ನೊಂದರ ಹೊತ್ತಿಗೆ, ಚಿತ್ರದಲ್ಲಿ ಕೂರಿಸಿದ ಜನರ ಕಾಲ ಕೆಳಗೆ ನೆರಳಿಲ್ಲ ಅಂತ ಒಬ್ಬೊಬ್ಬರಿಗೂ ನೆರಳು ಹಾಕಿದಳು. ಆಮೇಲೆ ಪೂರ್ತಿ ಎ1 ಶೀಟ್ ಅಳತೆಗೆ, ಇಂಚಿಗೆ 300 ಪಿಕ್ಸೆಲ್ ಇಟ್ಟು ರೆಂಡರ್ ಓಡಿಸಿದಳು. ಅಂದರೆ ಉದ್ದಕ್ಕೆ ಸುಮಾರು 9,930 ಪಿಕ್ಸೆಲ್. ಲ್ಯಾಪ್‌ಟಾಪ್ ಐದು ಗಂಟೆ ಬೇಕು ಅಂದಿತು. ಒಂದು ಗಂಟೆಗೆ ಜಾಲಿಯ ನೆರಳಲ್ಲಿ ಕಾಳು ಕಾಳಾದ ಚುಕ್ಕೆ ಕಂಡವು. ನಿಲ್ಲಿಸಿ, ಸೆಟ್ಟಿಂಗ್ ಏರಿಸಿ, ಮತ್ತೆ ಮೊದಲಿಂದ ಶುರು. ಮೂರಕ್ಕೆ ಮರದ ಒಂದು ಕೊಂಬೆ ಬೋಳು ಅನ್ನಿಸಿತು. ಮತ್ತೆ ನಿಲ್ಲಿಸಿದಳು.

ಕೊನೆಗೆ ಅಳತೆ ಇಳಿಸಿ ಹೇಗೋ ಮುಗಿಸಿ, ಬೆಳಿಗ್ಗೆ ದೊಡ್ಡ ಶೀಟ್ ಪ್ರಿಂಟ್ ಮಾಡುವ ಪ್ಲಾಟರ್ ಅಂಗಡಿಗೆ ಓಡಿದಳು. ಪ್ರಿಂಟ್ ಕಪ್ಪಾಗಿ ಬಂತು. ಕತ್ತಲ ಕೋಣೆಯಲ್ಲಿ ಹೊಳೆಯುವ ಸ್ಕ್ರೀನ್ ನೋಡಿ ಬಣ್ಣ ಹೊಂದಿಸಿದರೆ ಕಾಗದದ ಮೇಲೆ ಹೀಗೇ ಆಗುವುದು. ಅವಳು ರಾತ್ರಿಯೆಲ್ಲ ತಿದ್ದಿದ ನೆರಳು ಆ ಕಪ್ಪಿನಲ್ಲೇ ಮುಳುಗಿಹೋಗಿತ್ತು.

ಜ್ಯೂರಿಗೆ ಬಂದವರೊಬ್ಬರು ರೆಂಡರ್ ಕಡೆ ಒಮ್ಮೆ ನೋಡಿ, "ಚೆನ್ನಾಗಿದೆ, ಸೆಕ್ಷನ್ ಎಲ್ಲಿದೆಯಮ್ಮಾ? ಮೆಟ್ಟಿಲು ಹೇಗೆ ಹತ್ತುತ್ತೆ ತೋರಿಸು" ಅಂದರು. ಸೆಕ್ಷನ್ ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ಒಳಗನ್ನು ತೋರಿಸುವ ನಕ್ಷೆ. ಆ ಪ್ರಶ್ನೆಗೆ ಅವಳ ಬಾಯಿ ಕಟ್ಟಿತು.

"ಮೆಟ್ಟಿಲ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎರಡು ವಾರದಿಂದ ಗೊತ್ತಿತ್ತು ಮೇಡಂ."

ಕಾಗದ ಕೊಟ್ಟೆ, ಬರೆದು ತೋರಿಸಿದಳು. ಮಹಡಿಯಿಂದ ಮಹಡಿಗೆ 3.6 ಮೀಟರ್. ಸಾರ್ವಜನಿಕ ಕಟ್ಟಡದಲ್ಲಿ ಮೆಟ್ಟಿಲ ಎತ್ತರ 150 ಮಿ.ಮೀ. ದಾಟುವಂತಿಲ್ಲ, ಕಾಲಿಡುವ ಅಗಲ 300 ಮಿ.ಮೀ.ಗೆ ಕಡಿಮೆ ಆಗುವಂತಿಲ್ಲ. ಹಾಗಾಗಿ 24 ಏರು, ಅರ್ಧದಲ್ಲಿ ತಿರುಗುವ ಮೆಟ್ಟಿಲಾದರೆ ಒಂದು ಸಾಲಿಗೆ 12. ಕೊನೆಯ ಏರು ನೇರ ಲ್ಯಾಂಡಿಂಗ್‌ಗೆ ಸೇರುವುದರಿಂದ ಕಾಲಿಡುವ ಜಾಗ 11, ಅಂದರೆ 3.3 ಮೀಟರ್. ಲ್ಯಾಂಡಿಂಗ್‌ಗೆ 1.5. ಒಟ್ಟು 4.8 ಮೀಟರ್ ಬೇಕು. ಅವಳು ಬಿಟ್ಟಿದ್ದ ಜಾಗ 4.2. ಎರಡಡಿಯಷ್ಟು ಸಾಲದು.

ಮಹಡಿಯ ಎತ್ತರವನ್ನು 3 ಮೀಟರ್‌ಗೆ ಇಳಿಸಿದರೆ 4.2ರಲ್ಲೇ ಕೂರುತ್ತದೆ. ಆದರೆ ತೊಲೆ, ಫ್ಯಾನ್ ಬಂದ ಮೇಲೆ ಓದುವ ಹಾಲ್ ತಗ್ಗಾಗುತ್ತದೆ. ಇಲ್ಲವೇ ಗೋಡೆಯನ್ನು ಪಕ್ಕದ ಸ್ಟೋರ್ ಕಡೆಗೆ 600 ಮಿ.ಮೀ. ತಳ್ಳಬೇಕು. "ತಳ್ಳಿದ್ರೆ ಎದುರಿನ ಕಿಟಕಿಗಳ ಸಾಲು ಕೆಡುತ್ತೆ ಮೇಡಂ" ಅಂದಳು.

ಆ ಕಿಟಕಿಗಳ ಸಾಲೇ ಅವಳು ರಾತ್ರಿಯೆಲ್ಲ ತಿದ್ದಿದ ಚಿತ್ರ. ಮೆಟ್ಟಿಲು ಸರಿಮಾಡಿದರೆ ಆ ಚಿತ್ರವೇ ಬದಲಾಗಬೇಕಿತ್ತು. ಚಿತ್ರಕ್ಕೆ ಹೊಳಪು ಕೊಟ್ಟಷ್ಟೂ ಮೆಟ್ಟಿಲನ್ನು ಮುಟ್ಟುವುದು ಕಷ್ಟವಾಯಿತು. ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನವೂ ಸಿಕ್ಕಿತು. ಇದು ಸೋಮಾರಿತನ ಅಲ್ಲ, ಪರಿಪೂರ್ಣತೆಯ ಹುಚ್ಚು ಅಂತಲೂ ನಾನು ಹೇಳಲಾರೆ. ಹೆದರಿಸುವ ಕೆಲಸದಿಂದ ದೂರ ಸರಿದ ಕೂಡಲೇ ಮನಸ್ಸಿಗೆ ಹಗುರ ಅನ್ನಿಸುತ್ತದೆ. ಆ ಹಗುರಕ್ಕಾಗಿ ಮನಸ್ಸು ಮತ್ತೆ ಮತ್ತೆ ಅದೇ ದಾರಿ ಹಿಡಿಯುತ್ತದೆ. ಹಿಂದಿನ ಸೆಮಿಸ್ಟರ್‌ನಲ್ಲಿ ಎಲ್ಲರ ಎದುರು "ಸ್ಕೂಲ್ ಮಕ್ಕಳ ಡ್ರಾಯಿಂಗ್ ಥರ ಇದೆ" ಅನ್ನಿಸಿಕೊಂಡಿದ್ದಳು. ಚಿತ್ರ ಚೆನ್ನಾಗಿದ್ದರೆ ಬೈಗುಳ ಬೀಳಲ್ಲ ಎಂಬ ಲೆಕ್ಕ ಅಂದಿನಿಂದ ಮನಸ್ಸಲ್ಲಿ ಕೂತಿತ್ತು.

ನಾನು ಕೊಟ್ಟ ಮೊದಲ ಸಲಹೆ ರೆಂಡರ್ ಬಗ್ಗೆ ಅಲ್ಲವೇ ಅಲ್ಲ. ಜ್ಯೂರಿಗೆ ಒಂದು ವಾರ ಇರುವಾಗ, "ಯಾವ ಪ್ರಶ್ನೆ ಕೇಳದಿದ್ದರೆ ಸಾಕು ಅನ್ನಿಸುತ್ತಿದೆ?" ಎಂದು ತನ್ನನ್ನೇ ಕೇಳಿಕೊಂಡು ಬರೆದಿಡಬೇಕು. ಅವತ್ತೇ ಅದರ ಮೇಲೆ ಅರ್ಧ ಗಂಟೆ ಕೂರಬೇಕು. ಬಗೆಹರಿಯದಿದ್ದರೂ ಪರವಾಗಿಲ್ಲ, ಎರಡು ದಾರಿ ಬರೆದು ಗೈಡ್‌ಗೆ ತೋರಿಸಲಿ. "ಇಲ್ಲಿ 600 ಮಿ.ಮೀ. ಸಾಲುತ್ತಿಲ್ಲ, ಹೀಗೆ ಮಾಡಬಹುದು, ಇಲ್ಲ ಹೀಗೆ" ಎಂದು ಜ್ಯೂರಿಯಲ್ಲಿ ತಾನೇ ಹೇಳಿದರೂ ಆಯಿತು. ಅಲ್ಲೇ ಕೂತು ಆ ವಾಕ್ಯವನ್ನು ಜೋರಾಗಿ ಹೇಳಿಸಿದೆ. ಮೊದಮೊದಲು ಗಂಟಲು ಕಟ್ಟುತ್ತಿತ್ತು, ಆಮೇಲೆ ಸಲೀಸಾಯಿತು.

ರಾತ್ರಿಯ ಕೆಲಸಕ್ಕೆ ಗಡಿ ಹಾಕಿದ್ದು ಅವಳೇ. ಚಿತ್ರ ಶೀಟಿನ ಅರ್ಧ ಜಾಗದಲ್ಲಷ್ಟೇ ಬರುತ್ತದೆ, ಪೂರ್ತಿ ಎ1 ಅಳತೆ ಬೇಕಿರಲಿಲ್ಲ. ನಾಲ್ಕೈದು ಅಡಿ ದೂರದಿಂದ ನೋಡುವವರಿಗೆ ಇಂಚಿಗೆ 150 ಪಿಕ್ಸೆಲ್ ಸಾಕು. ಪಿಕ್ಸೆಲ್ ಎರಡೂ ಕಡೆ ಅರ್ಧವಾದರೆ ಒಟ್ಟು ಕಾಲು ಭಾಗಕ್ಕಿಳಿಯುತ್ತವೆ, ಸಮಯವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹಿಂದಿನ ದಿನ ಮಧ್ಯಾಹ್ನವೇ ಎ4ನಲ್ಲಿ ಒಂದು ಪ್ರಿಂಟ್ ತೆಗೆದು, ಎಷ್ಟು ಕಪ್ಪಾಗುತ್ತೆ ನೋಡಬೇಕು. ಒಂಬತ್ತಕ್ಕೆ ಕೊನೆಯ ರೆಂಡರ್ ಓಡಿಸಿ ಮಲಗಬೇಕು. ಇನ್ನೂ ತಿದ್ದಬೇಕು ಅನ್ನಿಸಿದರೆ ಒಂದೇ ಪರೀಕ್ಷೆ: ಜೂಮ್ ಮಾಡಿದಾಗ ಮಾತ್ರ ಕಾಣುವ ತಪ್ಪಾದರೆ ಬಿಟ್ಟುಬಿಡಬೇಕು.

ನಿದ್ದೆಯ ಮಾತನ್ನು ಒತ್ತಿ ಹೇಳಿದೆ. ಸತತ 17 ಗಂಟೆ ಎಚ್ಚರವಿದ್ದವರ ಗಮನವೂ ಚುರುಕೂ ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಇವಳು 27 ಗಂಟೆ ಎಚ್ಚರವಿದ್ದು ಪ್ರಶ್ನೆಗೆ ಉತ್ತರ ಕೊಡಲು ನಿಂತಿದ್ದಳು. ಅವತ್ತಿನ ಮೌನದಲ್ಲಿ ಹೆದರಿಕೆ ಎಷ್ಟು, ನಿದ್ದೆಗೇಡು ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ. "ನನಗೆ ಏನೂ ಬರಲ್ಲ" ಎಂಬ ತೀರ್ಮಾನವನ್ನು ಅದರ ಮೇಲೆ ಕಟ್ಟಬೇಡ ಅಂದೆ.

ಒಬ್ಬಳು ಹುಡುಗಿ ಬದಲಾದರೆ ಮುಗಿಯುವ ವಿಷಯ ಇದಲ್ಲ ಅಲ್ವಾ? ಬೆಳಿಗ್ಗೆ ಜ್ಯೂರಿ ಶುರುವಾಗುವವರೆಗೂ ಶೀಟ್ ತರಬಹುದು ಅಂದರೆ ಮಕ್ಕಳು ರಾತ್ರಿಯೆಲ್ಲ ತಿದ್ದುತ್ತಲೇ ಇರುತ್ತಾರೆ. ಅವಳ ಒಪ್ಪಿಗೆ ಪಡೆದು, ಹೆಸರು ಹೇಳದೆ, ವರ್ಷದ ಸಂಯೋಜಕರ ಜೊತೆ ಮಾತಾಡಿದೆ. ಹಿಂದಿನ ದಿನ ಸಂಜೆ ಐದಕ್ಕೆ ಫೈಲ್ ಒಪ್ಪಿಸುವ ಪದ್ಧತಿಯನ್ನು ಒಂದು ಸೆಮಿಸ್ಟರ್ ಮಾಡಿ ನೋಡಲು ಅವರು ಒಪ್ಪಿದರು.

ಮುಂದಿನ ರಿವ್ಯೂಗೆ ಸಹನಾ ಗೋಡೆ ತಳ್ಳಿದ ಪ್ಲಾನ್, ಅದರ ಸೆಕ್ಷನ್, ರಟ್ಟಿನಲ್ಲಿ ಮಾಡಿದ ಮೆಟ್ಟಿಲು ಇಟ್ಟುಕೊಂಡು ಹೋದಳು. ರೆಂಡರ್ ಇರಲಿಲ್ಲ. ಕಿಟಕಿಗಳ ಸಾಲು ಇನ್ನೂ ಸರಿಹೋಗಿಲ್ಲ ಅಂತ ತಾನೇ ಮೊದಲು ಹೇಳಿದಳಂತೆ. ಅದರ ಮೇಲೆಯೇ ಚರ್ಚೆ ನಡೆಯಿತು. ಹಿಂದಿನ ರಾತ್ರಿ ಅವಳು ಒಂದೂವರೆಗೆ ಮಲಗಿದ್ದಳು. ಅದನ್ನು ಹನ್ನೆರಡಕ್ಕೆ ತರುವುದರ ಬಗ್ಗೆ ಈಗ ಮಾತಾಡುತ್ತಿದ್ದೇವೆ.