ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟ್ ಎಲ್ಲಿ ಹೋಗುತ್ತದೆ?

*“ಸರ್, ಬೆಂಗಳೂರಿನ ಮೆಟ್ರೋ ಬ್ರೇಕ್ ಹಾಕಿದರೆ ಕರೆಂಟ್ ಹುಟ್ಟುತ್ತದಂತೆ. ಬ್ರೇಕ್ ಹಾಕಿದರೆ ಬಿಸಿ ಅಲ್ವಾ ಹುಟ್ಟೋದು? ಆ ಕರೆಂಟನ್ನು ಬ್ಯಾಟರಿಯಲ್ಲಿ ತುಂಬಿಡ್ತಾರಾ?” — ಓದುಗರೊಬ್ಬರು, ಮುದ್ದೇಬಿಹಾಳ*

ನಿಮ್ಮೂರಿನ ಹಿಟ್ಟಿನ ಗಿರಣಿ ಬಂದ್ ಇದ್ದಾಗ ಅದರ ಮೋಟಾರಿನ ಮೇಲಿರುವ ತಗಡಿನ ಪಟ್ಟಿ ನೋಡಿ. ಕೂತ ಹಿಟ್ಟು ಒರೆಸಿದರೆ 50 ಹರ್ಟ್ಜ್, ನಿಮಿಷಕ್ಕೆ 1440 ಸುತ್ತು ಅಂತ ಇರಬಹುದು. ಆದರೆ ಮೋಟಾರಿನ ಒಳಗೆ ಕರೆಂಟಿನಿಂದ ಹುಟ್ಟುವ ಅಯಸ್ಕಾಂತದ ಸುಳಿ ತಿರುಗುವುದು 1500 ಸುತ್ತು. ಮೋಟಾರಿನ ತಿರುಗುವ ಭಾಗವಾದ ರೋಟರ್ ಸ್ವಲ್ಪ ಹಿಂದೆ ಬೀಳುತ್ತದೆ, ಹಿಂದೆ ಬಿದ್ದಾಗಲೇ ಅದು ಕರೆಂಟ್ ಎಳೆದು ಕಲ್ಲು ತಿರುಗಿಸುತ್ತದೆ. ಈಗ ಯಾರಾದರೂ ಅದೇ ರೋಟರನ್ನು ಹೊರಗಿನಿಂದ 1550ಕ್ಕೆ ತಿರುಗಿಸಿದರು ಅನ್ನಿ. ಅದು ಸುಳಿಗಿಂತ ಮುಂದೆ ಓಡುತ್ತದೆ, ಕರೆಂಟ್ ವಾಪಸ್ ತಂತಿಗೆ ಹೋಗುತ್ತದೆ!

ಮೆಟ್ರೋದ ಮೋಟಾರೂ ಇದೇ ಜಾತಿಯದು. ಅಲ್ಲಿ ಚಕ್ರವನ್ನು ಜೋರು ಮಾಡುವುದಿಲ್ಲ, ಡಿಸಿ ಕರೆಂಟನ್ನು ಎಸಿ ಮಾಡಿ ಮೋಟಾರಿಗೆ ಕೊಡುವ ಇನ್ವರ್ಟರ್ ಆ ಸುಳಿಯನ್ನೇ ಚಕ್ರಕ್ಕಿಂತ ನಿಧಾನ ಮಾಡುತ್ತದೆ. ರೈಲಿನ ಓಟವೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರ್ ತಡೆಯುತ್ತದೆ. ಆ ತಡೆಯೇ ಬ್ರೇಕ್.

ಎಷ್ಟು ಸಿಗುತ್ತದೆ? 200 ಟನ್ ತೂಕದ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ ಅಂತ ಇಟ್ಟುಕೊಳ್ಳೋಣ. ಅದರ ಓಟದಲ್ಲಿರುವ ಶಕ್ತಿ ಸುಮಾರು 11 ಯೂನಿಟ್, ಅಂದರೆ 10 ಎಚ್‌ಪಿ ಗಿರಣಿ ಒಂದು ತಾಸಿಗಿಂತ ಜಾಸ್ತಿ ನಡೆಯುವಷ್ಟು. ಮೋಟಾರು, ಗಿಯರು, ತಂತಿಯಲ್ಲಿ ಒಂದಷ್ಟು ಸೋರಿಹೋಗುತ್ತದೆ. ಇದೆಲ್ಲ ಇಪ್ಪತ್ತೇ ಸೆಕೆಂಡಿನಲ್ಲಿ ಹೊರಬರಬೇಕು, ಅಂದರೆ ಸರಾಸರಿ 2000 ಕಿಲೋವ್ಯಾಟ್. ಅಷ್ಟನ್ನು ಅಷ್ಟು ಬೇಗ ನುಂಗುವ ಬ್ಯಾಟರಿಯನ್ನು ಪ್ರತಿ ರೈಲಿನಲ್ಲೂ ಹೊತ್ತು ತಿರುಗುವುದು ಭಾರದ ಕೆಲಸ. ಹಾಗಾಗಿ ಕರೆಂಟು ಹಳಿಯ ಪಕ್ಕದಲ್ಲಿ ರೈಲಿಗೆ ಕರೆಂಟ್ ಕೊಡುವ ಮೂರನೇ ಹಳಿಗೆ ವಾಪಸ್ ಹೋಗುತ್ತದೆ, ಬೆಂಗಳೂರಿನಲ್ಲಿ ಅದು 750 ವೋಲ್ಟ್ ಡಿಸಿ. ಅದೇ ಹೊತ್ತಿಗೆ ಹತ್ತಿರದ ಸ್ಟೇಷನ್ನಿನಿಂದ ಇನ್ನೊಂದು ರೈಲು ಹೊರಟಿದ್ದರೆ ಅದು ಎಳೆದುಕೊಳ್ಳುತ್ತದೆ.

ಯಾರೂ ಹೊರಟಿಲ್ಲದಿದ್ದರೆ? ತೊಡಕಿರುವುದು ಇಲ್ಲೇ. ಮಾಮೂಲಿ ಡಿಸಿ ಸಬ್‌ಸ್ಟೇಷನ್ನಿನಲ್ಲಿರುವ ಡಯೋಡುಗಳು ಬಾವಿ ಪಂಪಿನ ಫುಟ್‌ವಾಲ್ವ್ ಇದ್ದಂತೆ, ಒಂದೇ ಕಡೆಗೆ ಬಿಡುತ್ತವೆ. ಕರೆಂಟು ಊರಿನ ಲೈನಿಗೆ ವಾಪಸ್ ಹೋಗಲಾರದು, ಮೂರನೇ ಹಳಿಯ ವೋಲ್ಟೇಜ್ ಏರುತ್ತಾ ಹೋಗುತ್ತದೆ. 900 ವೋಲ್ಟಿನ ಆಸುಪಾಸಿಗೆ ಬಂದರೆ ಇಂಥ ರೈಲುಗಳು ಕಳಿಸುವುದನ್ನು ಕಡಿಮೆ ಮಾಡಲೇಬೇಕು. ಉಳಿದದ್ದನ್ನು ರೆಸಿಸ್ಟರಿನಲ್ಲಿ ಸುಡಬೇಕು, ಇಲ್ಲವೇ ಗಾಳಿ ಒತ್ತಡದ ಮಾಮೂಲಿ ಬ್ರೇಕಿಗೆ ಬಿಡಬೇಕು. ಆಗ ನೀವು ಹೇಳಿದ ಬಿಸಿಯೇ ಗತಿ. ರಾತ್ರಿ ರೈಲುಗಳು ವಿರಳವಾದಾಗ ಈ ನಷ್ಟ ಜಾಸ್ತಿ. ಸಬ್‌ಸ್ಟೇಷನ್ನಿನಲ್ಲೂ ಇನ್ವರ್ಟರ್ ಕೂಡಿಸಿದರೆ ಕರೆಂಟು ಊರಿಗೆ ವಾಪಸ್ ಹೋಗುತ್ತದೆ, ಖರ್ಚು ಹೆಚ್ಚಾದರೂ ಅದೇ ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ದೆಹಲಿ ಮೆಟ್ರೋದ ಹೆಚ್ಚಿನ ಮಾರ್ಗಗಳಲ್ಲಿ 25,000 ವೋಲ್ಟ್ ಎಸಿ ಇರುವುದರಿಂದ ಅಲ್ಲಿ ಡಯೋಡಿನ ಈ ತಡೆಯೇ ಇಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೋದರೆ ಸ್ಟೇಷನ್ ಬರುವಾಗ ಕಿವಿಗೊಡಿ. ಕೆಳಗಿನಿಂದ ಬರುವ ಗುಂಯ್ ಸದ್ದು ಇಳಿಯುತ್ತಾ ಬರುತ್ತದೆ, ಅದು ಮೋಟಾರಿನ ಬ್ರೇಕ್. ಕೊನೆಯ ಕೆಲವು ಮೀಟರಿನಲ್ಲಿ ಆ ಸದ್ದು ನಿಂತು ಸಣ್ಣಗೆ ಜಗ್ಗಿದಂತಾಗುತ್ತದೆ. ಅಷ್ಟು ನಿಧಾನದಲ್ಲಿ ಮೋಟಾರಿನಿಂದ ತಡೆಯಲು ಆಗುವುದಿಲ್ಲ, ಬ್ರೇಕಿನ ಪ್ಯಾಡುಗಳು ಹಿಡಿಯುತ್ತವೆ.