ಕುದಿಯುವ ನೀರಿನಲ್ಲಿ 97.5

"ಅಡುಗೆಯ ಬಿಸಿ ನೋಡೋ ಡಯಲ್ ಥರ್ಮಾಮೀಟರಿನ ಕಡ್ಡಿಯನ್ನ ಮೈಸೂರಲ್ಲಿ ಕುದಿಯೋ ನೀರಿಗಿಟ್ಟರೆ ಮುಳ್ಳು 97.5ರಲ್ಲೇ ನಿಲ್ಲುತ್ತೆ. 100ಕ್ಕೆ ತಿರುಗಿಸಲಾ?"

ಬೇಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ ಅಲ್ವಾ? ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಮೊದಲೇ ನೀರು ಕುದಿಯುತ್ತದೆ. ಹಾಗಾಗಿ ಇಲ್ಲಿಗೆ 97.5 ಸರಿಯೇ. ಸುಮ್ನೆ 100ಕ್ಕೆ ತಿರುಗಿಸಿದರೆ, 58ಕ್ಕೆ ಆರಿದ ಸಾಂಬಾರೂ, ಬಿಸಿ ಅಡುಗೆ ಕೆಡದಂತೆ ಇಡಲು ಬೇಕಾದ 60 ದಾಟಿದೆ ಅಂತ ತೋರಿಸುತ್ತದೆ. ಅದೇ ಅಪಾಯ.

ಐಸ್ ನೀರನ್ನೇ ನಂಬಿ, ಅದಕ್ಕೆ ಊರಿನ ಎತ್ತರದ ಲೆಕ್ಕ ಬೇಕಿಲ್ಲ. ಲೋಟದ ತುಂಬಾ ಪುಡಿ ಐಸ್ ಹಾಕಿ, ಸಂದುಗಳು ತುಂಬುವಷ್ಟೇ ನೀರು ಬಿಟ್ಟು ಕಲಕಿ. ನೀರು ಜಾಸ್ತಿಯಾಗಿ ಐಸ್ ಮೇಲೆ ತೇಲಿದರೆ ತಳದಲ್ಲಿ 2-3 ಡಿಗ್ರಿ ಬರುತ್ತದೆ. ಕಡ್ಡಿಯ ತುದಿ ಲೋಟಕ್ಕೆ ತಾಗದಂತೆ ನಡುವೆ ಹಿಡಿದು ಅರ್ಧ ನಿಮಿಷ ಕಾಯಿರಿ. 0 ಬರದಿದ್ದರೆ, ಕಡ್ಡಿ ಐಸಿನಲ್ಲಿರುವಾಗಲೇ ಡಯಲ್ ಕೆಳಗಿನ ನಟ್ಟನ್ನು ತಿರುಗಿಸಿ.